ಫೋಟೊ ನೋಡಿ ವಯಸ್ಸು ಊಹಿಸಬಹುದು, ಮನಸ್ಸಿನ ಮಾತು ಬೇರೆ

ಯಾರದೋ ಫೋಟೊ ಕೊಟ್ಟು ಇವರಿಗೆ ವಯಸ್ಸೆಷ್ಟು, ಇವರು ಖುಷಿಯಲ್ಲಿದ್ದಾರಾ ಬೇಜಾರಲ್ಲಿದ್ದಾರಾ ಎಂದು ಕೇಳಿದರೆ ಈಗಿನ ಎಐ ಮಾಡೆಲ್‌ಗಳು ಹುಷಾರಾಗಿ ಉತ್ತರಿಸುತ್ತವೆ. ಮೂವತ್ತರಿಂದ ನಲವತ್ತರ ಒಳಗಿರಬಹುದು, ನಗುತ್ತಿರುವಂತೆ ಕಾಣುತ್ತದೆ, ಅಷ್ಟೇ. ಇದು ಜಾರಿಕೊಳ್ಳುವ ಉತ್ತರ, ಅಷ್ಟು ದೊಡ್ಡ ಯಂತ್ರಕ್ಕೆ ಒಂದು ಸಂಖ್ಯೆ ಹೇಳೋಕಾಗಲ್ವಾ ಎಂದು ಬೇಸರ ಮಾಡಿಕೊಳ್ಳುವವರನ್ನು ನೋಡುತ್ತಿರುತ್ತೇನೆ. ನನ್ನ ಮಟ್ಟಿಗೆ ಆ ಹಿಂಜರಿಕೆ ಸರಿ. ಆದರೆ ಎರಡು ಪ್ರಶ್ನೆಗಳಿಗೂ ಕಾರಣ ಒಂದೇ ಅಲ್ಲ. ವಯಸ್ಸಿಗೆ ಎಲ್ಲೋ ಒಂದು ಕಡೆ ಸರಿಯುತ್ತರ ಇರುತ್ತದೆ: ಹುಟ್ಟಿದ ತಾರೀಖು. ಮನಸ್ಸಿಗೆ ಅಂಥ ದಾಖಲೆಯೇ ಇಲ್ಲ. ಈ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ವಯಸ್ಸು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು 2015ರಲ್ಲಿ ಡೆಕ್ಸ್ ಎಂಬ ಮಾಡೆಲ್ ಮಾಡಿದರು. ಫೋಟೊದಲ್ಲಿ ಎಷ್ಟು ವಯಸ್ಸು ಕಾಣುತ್ತದೆ ಎಂದು ಊಹಿಸುವ ಆ ವರ್ಷದ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅದೇ ಗೆದ್ದಿತು. ಅದು ಒಂದೇ ಸಲಕ್ಕೆ ಒಂದು ವಯಸ್ಸು ಹೇಳುವುದಿಲ್ಲ. 0ಯಿಂದ 100ರವರೆಗೆ 101 ವಯಸ್ಸುಗಳಿಗೂ ಇಷ್ಟಿಷ್ಟು ಸಾಧ್ಯತೆ ಎಂದು ಹಂಚುತ್ತದೆ. ಆಮೇಲೆ ಆ ಸಾಧ್ಯತೆಗಳ ಪ್ರಕಾರ ಸರಾಸರಿ ತೆಗೆದು ಒಂದು ಸಂಖ್ಯೆ ಕೊಡುತ್ತದೆ.

ಈ ಕೊನೆಯ ಹೆಜ್ಜೆಯಲ್ಲಿ ಏನು ಕಳೆದುಹೋಗುತ್ತದೆ ನೋಡಿ. ಗಡ್ಡ ಬಿಟ್ಟ ಒಬ್ಬ ಹುಡುಗನ ಫೋಟೊ ಇದೆ ಅಂದುಕೊಳ್ಳಿ. ನಯವಾದ ಚರ್ಮ, ಕಣ್ಣಿನ ಸುತ್ತ ಗೆರೆಯಿಲ್ಲ. ಇದನ್ನು ನೋಡಿ ಮಾಡೆಲ್ ಅರ್ಧ ಸಾಧ್ಯತೆಯನ್ನು 19ರ ಆಸುಪಾಸಿಗೆ ಹಾಕುತ್ತದೆ. ದಟ್ಟ ಗಡ್ಡ ನೋಡಿ ಉಳಿದರ್ಧವನ್ನು 30ರ ಆಸುಪಾಸಿಗೆ ಹಾಕುತ್ತದೆ. ಸರಾಸರಿ ತೆಗೆದರೆ ಬರುವುದು ಇಪ್ಪತ್ತನಾಲ್ಕೂವರೆ. ತಮಾಷೆಯಲ್ಲ, ಆ ಹುಡುಗನಿಗೆ ಇಪ್ಪತ್ತನಾಲ್ಕೂವರೆ ಇರಬಹುದು ಎಂದು ಮಾಡೆಲ್‌ನ ಒಳಗೆ ಎಲ್ಲೂ ಲೆಕ್ಕವೇ ಇರಲಿಲ್ಲ. ಹತ್ತೊಂಬತ್ತೋ ಮೂವತ್ತೋ ಗೊತ್ತಾಗುತ್ತಿಲ್ಲ ಎಂಬ ಗೊಂದಲ ಸರಾಸರಿಯ ಕೆಳಗೆ ಮುಚ್ಚಿಹೋಯಿತು. ಹದಿನೆಂಟರ ಮೇಲಿನಿಂದ ಮೂವತ್ತರ ಆಚೀಚೆ ಎಂದು ಅಗಲವಾಗಿ ಹೇಳಿದ್ದರೆ ಆ ಗೊಂದಲ ನಮಗೂ ತಿಳಿಯುತ್ತಿತ್ತು. ಆದ್ದರಿಂದ ಅಗಲವಾದ ಉತ್ತರವನ್ನು ಸೋಮಾರಿತನ ಎನ್ನಬಾರದು. ಒಳಗಿನ ಲೆಕ್ಕಕ್ಕೆ ಹತ್ತಿರವಾಗಿರುವುದು ಅದೇ.

ಇನ್ನು ಮಾಡೆಲ್ ಕಲಿತದ್ದು ಯಾರ ಮುಖಗಳಿಂದ? ಡೆಕ್ಸ್‌ಗೆ ಪಾಠವಾದದ್ದು ಸಿನಿಮಾ ತಾಣವೊಂದರಿಂದ ಮತ್ತು ವಿಕಿಪೀಡಿಯಾದಿಂದ ತೆಗೆದ ಐದು ಲಕ್ಷಕ್ಕೂ ಜಾಸ್ತಿ ಫೋಟೊಗಳು. ಹೆಚ್ಚಿನವು ನಟನಟಿಯರದ್ದು. ಫೋಟೊ ತೆಗೆದ ವರ್ಷದಿಂದ ಹುಟ್ಟಿದ ತಾರೀಖು ಕಳೆದು ವಯಸ್ಸು ಹಾಕಿದ್ದಾರೆ. ಮೇಕಪ್ಪು, ಬಣ್ಣ ಹಚ್ಚಿದ ಕೂದಲು, ಸ್ಟುಡಿಯೊ ಬೆಳಕು ಎಲ್ಲ ಅದರೊಳಗೆ ಸೇರಿದೆ. ಬಿಸಿಲಲ್ಲಿ ನಲವತ್ತು ವರ್ಷ ಗದ್ದೆ ಕೆಲಸ ಮಾಡಿದವರ ಮುಖ ಅಂಥ ರಾಶಿಯಲ್ಲಿ ಸಿಗುವುದು ಅಪರೂಪ. ನಮ್ಮ ಕಡೆಯ ಹಿರಿಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಜೂನ್ 1 ಎಂದು ಬರೆದ ತಾರೀಖೇ ಎಷ್ಟೋ ಜನರ ಅಧಿಕೃತ ಹುಟ್ಟುಹಬ್ಬ. ಅವರ ಮುಖವನ್ನು ಮಾಡೆಲ್ ಸರಿಯಾಗಿ ಓದಿದರೂ ದಾಖಲೆಯ ಜೊತೆ ತಾಳೆಯಾಗದಿರಬಹುದು.

ಹಾಗಂತ ಈ ಮಾಡೆಲ್‌ಗಳು ಸುಮ್ನೆ ಕಣ್ಣುಮುಚ್ಚಿ ಕಲ್ಲು ಹೊಡೆಯುತ್ತಿಲ್ಲ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2024ರಲ್ಲಿ ಇಂಥ ಆರು ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ವೀಸಾ ಫೋಟೊಗಳ ಮೇಲೆ ಸರಾಸರಿ ತಪ್ಪು 2014ರಲ್ಲಿ 4.3 ವರ್ಷ ಇದ್ದದ್ದು 3.1 ವರ್ಷಕ್ಕೆ ಇಳಿದಿತ್ತು. ಇದು ನಿಜಕ್ಕೂ ಒಳ್ಳೆಯ ಸುಧಾರಣೆ. ಆದರೆ ವೀಸಾ ಫೋಟೊ ಎಂದರೆ ನೇರ ಮುಖ, ಸಮವಾದ ಬೆಳಕು, ಖಾಲಿ ಹಿನ್ನೆಲೆ. ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ತೆಗೆದ ಸೆಲ್ಫಿ ಹಾಗಿರಲ್ಲ. ಹೆಣ್ಣುಮಕ್ಕಳ ಮುಖದ ಮೇಲೆ ತಪ್ಪು ಹೆಚ್ಚು ಎಂಬುದೂ ಅದೇ ವರದಿಯಲ್ಲಿತ್ತು.

3.1 ಸರಾಸರಿ ಎಂಬುದನ್ನೂ ಮರೆಯಬಾರದು. ಕೆಲವರ ವಿಷಯದಲ್ಲಿ ತಪ್ಪು ಒಂದೇ ವರ್ಷ, ಕೆಲವರ ವಿಷಯದಲ್ಲಿ ಏಳೆಂಟು. 17ರ ಹುಡುಗಿಯನ್ನು 20 ಎಂದು ಓದಿದರೆ ಅದು ದೊಡ್ಡ ಎಡವಟ್ಟಲ್ಲ, ಮಾಮೂಲಿ ತಪ್ಪಿನ ಒಳಗೇ ಬರುತ್ತದೆ. ಆದರೆ ಪರಿಣಾಮ ಮಾಮೂಲಿಯಲ್ಲ. ನಮ್ಮ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಬ್ರಿಟನ್ನಿನ ಮದ್ಯದಂಗಡಿಗಳಲ್ಲಿ ಇದಕ್ಕೊಂದು ಹಳೆಯ ರೂಢಿಯಿದೆ. ಕಾನೂನು ಹೇಳುವುದು 18. ಆದರೆ 25ಕ್ಕಿಂತ ಚಿಕ್ಕವರಂತೆ ಕಂಡ ಯಾರನ್ನಾದರೂ ಗುರುತಿನ ಚೀಟಿ ಕೇಳುತ್ತಾರೆ. ಏಳು ವರ್ಷ ಜಾಗ ಬಿಟ್ಟುಕೊಂಡಿರುವುದು ಕಣ್ಣಿನ ಅಂದಾಜು ತಪ್ಪುತ್ತದೆ ಎಂದು ಒಪ್ಪಿಕೊಂಡೇ. ಮುಖ ನೋಡಿ ವಯಸ್ಸು ಹೇಳುವ ಯಂತ್ರಗಳನ್ನೂ ಹೀಗೇ ಬಳಸಬೇಕಾಗುತ್ತದೆ. ಇಲ್ಲಿ ಎಚ್ಚರಿಕೆಗೆ ಒಂದು ದಿಕ್ಕಿದೆ: ಅನುಮಾನ ಬಂದರೆ ಚಿಕ್ಕವರು ಎಂದುಕೊಂಡು ನಡೆದುಕೋ. 23ರವನಿಗೆ ಒಂದು ನಿಮಿಷ ಕಿರಿಕಿರಿಯಾಗುತ್ತದೆ, ಹದಿನೈದರ ಮಗು ಬಚಾವಾಗುತ್ತದೆ. ನನಗೆ ಈ ಲೆಕ್ಕ ಪೂರ್ತಿ ಒಪ್ಪಿಗೆ.

ಈಗ ಮೂಡಿನ ವಿಷಯಕ್ಕೆ ಬರೋಣ. ಇಲ್ಲಿ ನೆಲವೇ ಸಡಿಲ.

ಭಾವನೆ ಗುರುತಿಸುವ ಮಾಡೆಲ್‌ಗಳಿಗೆ ವರ್ಷಗಟ್ಟಲೆ ಪಾಠವಾದ ಒಂದು ಸಂಗ್ರಹದ ಹೆಸರು FER2013. ಅದರಲ್ಲಿ 35,887 ಮುಖಗಳಿವೆ. ಕಪ್ಪುಬಿಳುಪು, ಅಗಲ 48 ಚುಕ್ಕಿ, ಎತ್ತರ 48 ಚುಕ್ಕಿ. ಭಾವನೆಗೆ ಸಂಬಂಧಿಸಿದ ಪದಗಳನ್ನು ಗೂಗಲ್‌ನಲ್ಲಿ ಹುಡುಕಿ, ಬಂದ ಚಿತ್ರಗಳನ್ನು ಕತ್ತರಿಸಿ ಒಂದೊಂದಕ್ಕೂ ಭಾವನೆಯ ಲೇಬಲ್ ಹಾಕಿ ಏಳು ಗುಂಪು ಮಾಡಿದ್ದಾರೆ: ಸಿಟ್ಟು, ಅಸಹ್ಯ, ಭಯ, ಖುಷಿ, ದುಃಖ, ಅಚ್ಚರಿ, ಏನೂ ಇಲ್ಲದ್ದು. ಆ ಚಿತ್ರದಲ್ಲಿರುವವರನ್ನು ನಿಮಗಾಗ ಹೇಗನಿಸಿತ್ತು ಎಂದು ಯಾರೂ ಕೇಳಿಲ್ಲ. ಮನುಷ್ಯರನ್ನೇ ಕೂರಿಸಿ ಈ ಚಿತ್ರಗಳನ್ನು ಗುರುತಿಸಿ ಎಂದಾಗ ಲೇಬಲ್ ಜೊತೆ ತಾಳೆಯಾದದ್ದು ಶೇ. 65ರ ಆಸುಪಾಸು. ಮುಂದೆ ಮೈಕ್ರೋಸಾಫ್ಟ್‌ನ ಸಂಶೋಧಕರು ಒಂದೊಂದು ಮುಖವನ್ನೂ ಹತ್ತತ್ತು ಜನರಿಗೆ ತೋರಿಸಿ ಮತ್ತೆ ಲೇಬಲ್ ಹಾಕಿಸಿದರು. ಹತ್ತು ಜನರ ಉತ್ತರ ಹಂಚಿಹೋದರೆ ಆ ಹಂಚಿಕೆಯನ್ನೇ ಪಾಠವಾಗಿ ಬಳಸಲು ನೋಡಿದರು. ಅದು ಪ್ರಾಮಾಣಿಕ ಹೆಜ್ಜೆ. ಆದರೂ ಅಲ್ಲಿ ಸಿಗುವುದು ನೋಡಿದವರಿಗೆ ಏನನ್ನಿಸಿತು ಎಂಬುದು. ಮುಖದ ಒಡೆಯರಿಗೆ ಏನನ್ನಿಸಿತ್ತು ಎಂಬುದು ಆ ಕಡತದಲ್ಲಿ ಎಲ್ಲೂ ಇಲ್ಲ. ಇಂಥ ಮಾಡೆಲ್ ಶೇ. 75 ಸರಿ ಎಂದು ಯಾರಾದರೂ ಜಾಹೀರಾತು ಕೊಟ್ಟರೆ, ಯಾವುದರ ಜೊತೆ ಹೋಲಿಸಿ ಸರಿ ಎಂದು ಕೇಳಲೇಬೇಕು.

ಇನ್ನು ಕೆಲವು ಸಂಗ್ರಹಗಳಲ್ಲಿ ಜನರಿಗೆ ಹೇಳಿ ಮಾಡಿಸಿದ ಮುಖಗಳಿವೆ. ಸಿಟ್ಟು ತೋರಿಸಿ, ಭಯ ತೋರಿಸಿ ಎಂದು ಹೇಳಿ ತೆಗೆದವು. ಯಕ್ಷಗಾನದ ಬಣ್ಣದ ವೇಷಧಾರಿ ರಂಗದ ಮೇಲೆ ಹುಬ್ಬು ಗಂಟಿಕ್ಕಿ ಹಲ್ಲು ಕಡಿಯುವಾಗ ಅವರಿಗೆ ಸಿಟ್ಟು ಬಂದಿಲ್ಲ ಎಂದು ನಮಗೆಲ್ಲ ಗೊತ್ತು. ದೂರ ಕೂತವರಿಗೂ ಕಾಣಲಿ ಎಂದು ಅದನ್ನು ದೊಡ್ಡದು ಮಾಡಿ ತೋರಿಸುತ್ತಾರೆ. ಹಾಗೆ ತೋರಿಸಿದ ಸಿಟ್ಟನ್ನು ಕಲಿತ ಮಾಡೆಲ್ ಮನೆಯ ಅಡುಗೆಮನೆಯಲ್ಲಿ ತುಟಿ ಬಿಗಿದು ಸುಮ್ಮನೆ ಪಾತ್ರೆ ತೊಳೆಯುತ್ತಿರುವವರ ಸಿಟ್ಟನ್ನು ಹೇಗೆ ಹಿಡಿಯುತ್ತದೆ? 2019ರಲ್ಲಿ ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ನಾಲ್ವರು ಸಂಶೋಧಕರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ ಬರೆದದ್ದೂ ಇದನ್ನೇ. ಸಿಟ್ಟು ಬಂದಾಗ ಜನ ಹುಬ್ಬು ಗಂಟಿಕ್ಕುವುದು ಸುಮಾರು ಶೇ. 30 ಸಲ ಮಾತ್ರ. ಉಳಿದ ಹೊತ್ತು ಮುಖ ಬೇರೇನೋ ಮಾಡುತ್ತಿರುತ್ತದೆ. ಬಿಸಿಲಿಗೆ, ಯೋಚನೆಗೆ, ಹೊಟ್ಟೆನೋವಿಗೂ ಹುಬ್ಬು ಗಂಟಿಕ್ಕುತ್ತದೆ.

ಈಗಿನ ದೊಡ್ಡ ಮಾಡೆಲ್‌ಗಳು ಮುಖದ ಜೊತೆ ಸುತ್ತಲಿನದನ್ನೂ ನೋಡುತ್ತವೆ. ಮದುವೆ ಮಂಟಪದಲ್ಲಿ ಧಾರೆ ಎರೆಯುವ ಹೊತ್ತು. ವಧುವಿನ ತಾಯಿಯ ಕೆನ್ನೆ ಮೇಲೆ ನೀರು. ಬರೀ ಮುಖ ಕತ್ತರಿಸಿ ಕೊಟ್ಟರೆ ಹಳೆಯ ಮಾಡೆಲ್ ದುಃಖ ಎನ್ನುತ್ತದೆ. ಪೂರ್ತಿ ಫೋಟೊ ಕೊಟ್ಟರೆ ಹೊಸ ಮಾಡೆಲ್ ಇದು ಮದುವೆ, ಆನಂದಬಾಷ್ಪ ಇರಬಹುದು ಎನ್ನುತ್ತದೆ. ಹೆಚ್ಚು ಜಾಣತನ ಅನ್ನಿಸುತ್ತದೆ, ಆದರೆ ಎರಡನೆಯ ಉತ್ತರ ಬಂದದ್ದು ಆ ತಾಯಿಯಿಂದಲ್ಲ. ಮದುವೆ ಎಂದರೆ ಹೀಗಿರುತ್ತದೆ ಎಂಬ ಸಾಮಾನ್ಯ ನಂಬಿಕೆಯಿಂದ ಬಂದದ್ದು. ಮಗಳನ್ನು ಕಳಿಸುವ ಸಂಕಟ, ತೀರಿಹೋದ ಗಂಡನ ನೆನಪು, ಹೋಮದ ಹೊಗೆ, ಎಲ್ಲವೂ ಒಂದೇ ಥರ ಕಣ್ಣೀರು ತರಿಸುತ್ತವೆ. ಕೆನ್ನೆ ಒದ್ದೆಯಾಗಿದೆ, ಮಂಟಪದಲ್ಲಿದ್ದಾರೆ ಎನ್ನುವವರೆಗೆ ಫೋಟೊ ಸಾಕ್ಷಿ. ಅದರಾಚೆ ಹೋದದ್ದೆಲ್ಲ ಕಥೆ.

ಕಥೆ ಕಟ್ಟಿದರೆ ನಷ್ಟವೇನು ಎನ್ನುವವರಿಗೆ ಒಂದು ಉದಾಹರಣೆ. ಲಾರೆನ್ ರೂ ಎಂಬ ಸಂಶೋಧಕಿ 2018ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರ ಅಧಿಕೃತ ಫೋಟೊಗಳನ್ನು ಎರಡು ಕಂಪನಿಗಳ ಭಾವನೆ ಗುರುತಿಸುವ ಸೇವೆಗಳಿಗೆ ಕೊಟ್ಟರು. ಎರಡೂ ಕಪ್ಪು ಆಟಗಾರರ ಮುಖದಲ್ಲಿ ಬಿಳಿಯರಿಗಿಂತ ಹೆಚ್ಚು ಕೆಟ್ಟ ಭಾವನೆ ಕಂಡವು. ಇಂಥ ಯಂತ್ರವನ್ನು ಕೆಲಸದ ಸಂದರ್ಶನದಲ್ಲಿ ಕೂರಿಸಿದರೆ ಯಾರಿಗೆ ಪೆಟ್ಟು ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ದೇಶದಲ್ಲೂ 2021ರಲ್ಲಿ ಲಖನೌ ಪೊಲೀಸರು ಸಂಕಟದಲ್ಲಿರುವ ಹೆಂಗಸರ ಮುಖಭಾವ ಗುರುತಿಸಿ ಎಚ್ಚರಿಸುವ ಕ್ಯಾಮೆರಾ ಹಾಕುವುದಾಗಿ ಹೇಳಿದ್ದರು. ಫೋನಿನಲ್ಲಿ ಅಮ್ಮನ ಜೊತೆ ಜಗಳವಾಡುತ್ತಾ ನಡೆಯುವ ಹುಡುಗಿಯ ಮುಖವೂ ಸಂಕಟದ್ದೇ ಅಲ್ವಾ? ಹೆದರಿಕೆಯನ್ನು ಮುಖದಲ್ಲಿ ತೋರಿಸದೆ ಬೇಗ ಬೇಗ ಹೆಜ್ಜೆ ಹಾಕುವವಳನ್ನು ಆ ಕ್ಯಾಮೆರಾ ಕಾಣುವುದೇ ಇಲ್ಲ. ಯುರೋಪ್ ಒಕ್ಕೂಟ ತನ್ನ ಎಐ ಕಾಯ್ದೆಯಲ್ಲಿ ಕೆಲಸದ ಜಾಗ ಮತ್ತು ಶಾಲೆಗಳಲ್ಲಿ ಮುಖ ನೋಡಿ ಭಾವನೆ ಊಹಿಸುವುದನ್ನು 2025ರ ಫೆಬ್ರವರಿಯಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ.

ಆದರೆ ಎಚ್ಚರಿಕೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದಾದರೆ ನನ್ನ ತಕರಾರಿದೆ. 2022ರಲ್ಲಿ ಮೈಕ್ರೋಸಾಫ್ಟ್ ಮುಖ ನೋಡಿ ಭಾವನೆ, ವಯಸ್ಸು, ಲಿಂಗ ಹೇಳುವ ಸೇವೆಯನ್ನು ಎಲ್ಲರಿಗೂ ಕೊಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಭಾವನೆ ಎಂದರೇನು ಎಂಬುದರಲ್ಲೇ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಆಗಲೂ ಸೀಯಿಂಗ್ ಎಐ ಆ್ಯಪ್‌ನಲ್ಲಿ ಅದನ್ನು ಉಳಿಸಿಕೊಂಡರು. ದೃಷ್ಟಿಯಿಲ್ಲದವರಿಗೆ ಎದುರಿನದನ್ನು ವಿವರಿಸುವ ಆ್ಯಪ್ ಅದು. ಅದನ್ನು ಕಟ್ಟಿದ ತಂಡದ ಮುಖ್ಯಸ್ಥ ಸಾಕಿಬ್ ಶೇಖ್ ಅವರಿಗೂ ಕಣ್ಣು ಕಾಣುವುದಿಲ್ಲ. ಮೊಮ್ಮಗನ ಫೋಟೊ ಬಂದಾಗ ಅವನು ನಗುತ್ತಿದ್ದಾನಾ ಎಂದು ಕೇಳುವ ಅಂಧ ಅಜ್ಜಿಗೆ ಉತ್ತರ ಸಿಗಲೇಬೇಕು. ಉಳಿದವರೆಲ್ಲ ಒಂದು ನೋಟದಲ್ಲಿ ಪಡೆಯುವುದನ್ನು ಅವರಿಗೆ ಮಾತ್ರ ಕೊಡದಿರುವುದು ನ್ಯಾಯವಲ್ಲ. ಅಲ್ಲಿ ನಾನು ಬಯಸುವ ಉತ್ತರ ಹೀಗಿದೆ: ಏಳೆಂಟು ವರ್ಷದವನಂತೆ ಕಾಣುವ ಹುಡುಗ, ಬಾಯಿ ಅಗಲಿಸಿ ನಗುತ್ತಿದ್ದಾನೆ, ಮುಂದಿನ ಒಂದು ಹಲ್ಲು ಇಲ್ಲ, ಕೈಯಲ್ಲಿ ಕ್ರಿಕೆಟ್ ಬ್ಯಾಟು. ಅವನು ಖುಷಿಯಾಗಿದ್ದಾನಾ ಎಂಬುದನ್ನು ಅಜ್ಜಿ ಆಮೇಲೆ ಫೋನ್ ಮಾಡಿ ಅವನನ್ನೇ ಕೇಳುತ್ತಾರೆ.