ಅರ್ಧ ಸಾಲು ಕತ್ತರಿಸಿ ಊರಿಗೆಲ್ಲ ಹಂಚಿದರು

ಗಣೇಶ ಹಬ್ಬ ಮುಗಿದು ಆರು ವಾರವಾಯಿತು, ನನ್ನ ಕೋಪ ಮಾತ್ರ ಇಳಿದಿಲ್ಲ. ಇವತ್ತು ಬೆಳಿಗ್ಗೆ ಕೂಡ ಒಬ್ಬರು ಫೋನ್ ಮಾಡಿ, "ಮೇಡಂ, ನೀವು ಆ ಕಡೆಯವರಂತೆ, ಹೌದಾ?" ಅಂದರು. ಅವರಿಗೆ ಬೇಕಾಗಿದ್ದದ್ದು ಅವರ ತಾಯಿಯ ಕಿವಿ ಮಿಷನ್ ರಿಪೇರಿ. ಅದಕ್ಕೂ ನಾನು ಯಾವ ಕಡೆ ಅನ್ನೋದಕ್ಕೂ ಏನ್ರೀ ಸಂಬಂಧ?

ನಾನು ಆಡಿಯಾಲಜಿಸ್ಟ್. ಹಾಸನದಲ್ಲಿ 11 ವರ್ಷದಿಂದ ಸಣ್ಣ ಕ್ಲಿನಿಕ್ ನಡೆಸುತ್ತಿದ್ದೇನೆ. ಹಬ್ಬದ ಹಿಂದಿನ ವಾರ ಕ್ಲಿನಿಕ್‌ನ ಫೇಸ್‌ಬುಕ್ ಪೇಜಿನಲ್ಲಿ ಒಂದು ಪೋಸ್ಟ್ ಹಾಕಿದೆ. 85 ಡೆಸಿಬಲ್ ಸದ್ದನ್ನು ಕಿವಿ ಎಂಟು ಗಂಟೆ ತಡೆದುಕೊಳ್ಳಬಹುದು, ಅದರ ಮೇಲೆ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಸಮಯ ಅರ್ಧಕ್ಕಿಳಿಯುತ್ತದೆ, 100 ಡೆಸಿಬಲ್ ಆದರೆ ಬರೀ 15 ನಿಮಿಷ ಅಂತ ಬರೆದಿದ್ದೆ. ಡಿಜೆ ಬಾಕ್ಸ್ ಪಕ್ಕದಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲಬೇಡಿ ಅಂತ ಕೊನೆಗೆ ಸೇರಿಸಿದ್ದೆ. ಇಷ್ಟೇ. ಪ್ರತಿ ವರ್ಷ ಹಬ್ಬ ಆದ ಮೇಲೆ ಕಿವಿಯಲ್ಲಿ "ಗುಯ್" ಅನ್ನುತ್ತಿದೆ ಅಂತ ಹುಡುಗರು ಬರುತ್ತಾರೆ. ಅದನ್ನು ನೋಡಿ ನೋಡಿ ಬರೆದದ್ದು.

ಒಂದು ಗಂಟೆಯೊಳಗೆ ಮೊದಲ ಕಾಮೆಂಟ್ ಬಂತು. "ನಮ್ಮ ಹಬ್ಬ ಮಾತ್ರ ಕಣ್ಣಿಗೆ ಬೀಳುತ್ತಾ? ದಿನಾ ಕೂಗೋ ಮೈಕ್ ಕೇಳಿಸಲ್ವಾ?" ಅದರ ಕೆಳಗೆ ಇನ್ನೊಬ್ಬ ಅವನಿಗೆ ಬೈದ. ರಾತ್ರಿ ಊಟದ ಹೊತ್ತಿಗೆ ಅರವತ್ತು ಕಾಮೆಂಟ್. ಕಿವಿಯ ಬಗ್ಗೆ ಒಂದೂ ಇಲ್ಲ. ಪಕ್ಷ, ದೇವರು, ಚುನಾವಣೆ, ಅವರ ಅಪ್ಪ, ಇವರ ಅಮ್ಮ.

ನಾನು ಆವಾಗ ಉತ್ತರ ಕೊಟ್ಟೆ. ನಿಧಾನವಾಗಿ, ಮರ್ಯಾದೆಯಾಗಿ, ಹನ್ನೆರಡು ಸಾಲು. "ನೀವು ಹೇಳಿದ ಮೈಕಿನ ಸದ್ದೂ ಕಿವಿಗೆ ಒಳ್ಳೆಯದಲ್ಲ, ನಿಮ್ಮ ಮಾತು ಒಪ್ಪುತ್ತೇನೆ" ಅಂತ ಶುರು ಮಾಡಿದೆ. ಆಮೇಲೆ ಕಾನೂನು ಬರೆದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಯಾರೂ ಧ್ವನಿವರ್ಧಕ ಹಾಕುವಂತಿಲ್ಲ, ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು ಅಂತ. ಕೊನೆಯಲ್ಲಿ "ಆದರೆ ಹತ್ತಿರದಲ್ಲಿ ನಿಂತವರಿಗೆ ಡಿಜೆಯಿಂದಾಗುವ ಹಾನಿ ಎಷ್ಟೋ ಜಾಸ್ತಿ" ಅಂತ ಮುಗಿಸಿದೆ.

ಎಡವಿದ್ದು ಅಲ್ಲೇ. ಉದ್ದದ ಕಾಮೆಂಟನ್ನು ಫೇಸ್‌ಬುಕ್ ಪೂರ್ತಿ ತೋರಿಸುವುದಿಲ್ಲ. ಮೇಲಿನ ಕೆಲವು ಸಾಲು ತೋರಿಸಿ "ಇನ್ನಷ್ಟು ನೋಡಿ" ಅಂತ ಮಡಚಿಡುತ್ತದೆ. ಒಬ್ಬ ಪುಣ್ಯಾತ್ಮ ಆ ಮಡಿಕೆಯವರೆಗೆ ಮಾತ್ರ ಸ್ಕ್ರೀನ್‌ಶಾಟ್ ತೆಗೆದ. ಇನ್ನೊಬ್ಬ ಬಿಚ್ಚಿ ಓದಿ, ಕೊನೆಯ ಸಾಲನ್ನು ಮಾತ್ರ ಕತ್ತರಿಸಿಕೊಂಡ. ಬೆಳಗಾಗುವಷ್ಟರಲ್ಲಿ ಒಂದು ವಾಟ್ಸಾಪ್ ಗುಂಪಿನಲ್ಲಿ ನಾನು ಮಸೀದಿಯ ವಿರೋಧಿ, ಇನ್ನೊಂದರಲ್ಲಿ ಗಣಪತಿಯ ವಿರೋಧಿ. ಎರಡೂ ಕಡೆ ಅದೇ ಕಾಮೆಂಟು, ಅದೇ ಕ್ಲಿನಿಕ್ ಹೆಸರು, ಅದೇ ಲೋಗೋ!

ಕ್ಲಿನಿಕ್ ಹೆಸರು ಯಾಕೆ ಬಂತು? ನಾನು ಪೇಜಿನಿಂದಲೇ ಉತ್ತರ ಕೊಟ್ಟಿದ್ದೆ. ಪೇಜ್ ನೋಡಿಕೊಳ್ಳುವಾಗ ಯಾವ ಹೆಸರಿನಲ್ಲಿ ಬರೆಯುತ್ತಿದ್ದೇವೆ ಅನ್ನೋದು ಕಾಮೆಂಟ್ ಪೆಟ್ಟಿಗೆಯ ಪಕ್ಕದ ಸಣ್ಣ ಫೋಟೋ ನೋಡಿದರೇ ಗೊತ್ತಾಗುವುದು. ನನ್ನ ಕ್ಲಿನಿಕ್‌ನಲ್ಲಿ ಇಬ್ಬರು ಹುಡುಗಿಯರು ಕೆಲಸ ಮಾಡುತ್ತಾರೆ. ಆ ಹನ್ನೆರಡು ಸಾಲು ಅವರ ಬಾಯಿಂದಲೂ ಬಂದ ಹಾಗಾಯಿತು. ಬೈಗುಳದ ಫೋನ್ ಎತ್ತಿದ್ದು ಅವರೇ, ನಾನಲ್ಲ.

ಗಾಬರಿಯಲ್ಲಿ ಕೆಟ್ಟ ಕಾಮೆಂಟುಗಳನ್ನೆಲ್ಲ "ಹೈಡ್" ಮಾಡುತ್ತಾ ಕೂತೆ. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಹೈಡ್ ಮಾಡಿದ ಕಾಮೆಂಟು ಬರೆದವನಿಗೂ ಅವನ ಸ್ನೇಹಿತರಿಗೂ ಕಾಣುತ್ತಲೇ ಇರುತ್ತದೆ, ಅವರವರೇ ಅಲ್ಲಿ ಮುಂದುವರಿಸುತ್ತಾರೆ. ಮೊದಲ ಕಾಮೆಂಟನ್ನು ಡಿಲೀಟ್ ಮಾಡಿದಾಗ ಅದರ ಕೆಳಗಿದ್ದ ನನ್ನ ಉತ್ತರವೂ ಹೋಯಿತು. "ಅಳಿಸಿ ಓಡಿಹೋದಳು" ಅಂತ ಇನ್ನೊಂದು ಸುತ್ತು ಶುರುವಾಯಿತು. ಪೂರ್ತಿ ಮಾತುಕತೆಯ ಸ್ಕ್ರೀನ್‌ಶಾಟನ್ನು ದಿನಾಂಕ ಕಾಣುವ ಹಾಗೆ ಮೊದಲೇ ತೆಗೆದಿಟ್ಟುಕೊಂಡಿದ್ದರೆ, ಕೇಳಿದವರಿಗೆ ತೋರಿಸಲು ನನ್ನ ಕೈಯಲ್ಲಿ ಏನಾದರೂ ಇರುತ್ತಿತ್ತು. ಈಗ ಉಳಿದಿರುವುದು ಅವರು ಕತ್ತರಿಸಿದ ತುಂಡುಗಳು ಮಾತ್ರ.

ಆಮೇಲೆ ಗೂಗಲ್ ಶುರುವಾಯಿತು. ಎರಡು ದಿನದಲ್ಲಿ 14 ಜನ ಒಂದು ಸ್ಟಾರ್ ಕೊಟ್ಟರು. ಒಬ್ಬನ ಹಳೇ ರಿವ್ಯೂಗಳೆಲ್ಲ ಬೇರೆ ಜಿಲ್ಲೆಯ ಹೋಟೆಲ್ಲುಗಳದ್ದು. ನಮ್ಮ ಬಾಗಿಲು ಯಾವತ್ತೂ ನೋಡಿಲ್ಲ. "ನೀವು ನಮ್ಮ ಪೇಷಂಟೇ ಅಲ್ಲ" ಅಂತ ಉತ್ತರ ಬರೆಯಲು ಕೈ ತುರಿಸುತ್ತಿತ್ತು, ಬರೆಯಲಿಲ್ಲ. ಯಾರು ನಮ್ಮ ಪೇಷಂಟ್, ಯಾರು ಅಲ್ಲ ಅಂತ ಊರ ಮುಂದೆ ಹೇಳುವ ಕೆಲಸ ನನ್ನದಲ್ಲ. ನಿಜವಾಗಿ ಬಂದು ಹೋಗದವರ ರಿವ್ಯೂ ಹಾಕಬಾರದು ಅಂತ ಗೂಗಲ್‌ನ ನಿಯಮವೇ ಇದೆ. ಒಂದೊಂದನ್ನೇ ರಿಪೋರ್ಟ್ ಮಾಡಿದೆ. ಕೆಲವು ತೆಗೆದರು, ಐದು ಹಾಗೇ ಇವೆ. ಊರಿಗೆ ಹೊಸದಾಗಿ ಬಂದವರು ಕಿವಿ ಪರೀಕ್ಷೆಗೆ ಅಂತ ಹುಡುಕಿದರೆ ಮೊದಲು ಕಾಣುವುದು ಅವೇ.

ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತಾ? ನನಗೆ ಉತ್ತರ ಕೊಡಲು ಬಂದವನಿಗೆ ನನ್ನ ಉತ್ತರ ಬೇಕೇ ಇರಲಿಲ್ಲ. ಅವನು ಬಂದದ್ದು ಜಗಳಕ್ಕೆ ಜಾಗ ಸಿಗುತ್ತದೆ ಅಂತ. ಅವನ ಪ್ರೊಫೈಲಿನಲ್ಲಿ ಫೋಟೋ ಇಲ್ಲ, ಕೆಲಸ ಇಲ್ಲ, ಊರಿಲ್ಲ. ನನ್ನದರಲ್ಲಿ ಹೆಸರು, ವಿಳಾಸ, ಫೋನ್ ನಂಬರ್, ತೆರೆಯುವ ಸಮಯ ಎಲ್ಲ ಇದೆ. ಕಳೆದುಕೊಳ್ಳಲು ಏನೂ ಇಲ್ಲದವನ ಜೊತೆ ನಾನು ಅಂಗಡಿ ತೆರೆದಿಟ್ಟುಕೊಂಡು ಮಾತಾಡಿದೆ. ಓದುತ್ತಿದ್ದ ನನ್ನ ಪೇಷಂಟುಗಳು ವಾದ ಮಾಡಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಬರುವುದು ನಿಲ್ಲಿಸಿದರು.

ಈ ಸಲ ದೀಪಾವಳಿ ಪಟಾಕಿಯ ಬಗ್ಗೆ ಮತ್ತೆ ಬರೆದೆ. ಬರೆಯದೇ ಇರುವುದಿಲ್ಲ, ಅದು ನನ್ನ ಕೆಲಸ. ಅದೇ ಪ್ರಶ್ನೆ ಬಂತು. ಒಂದೇ ಸಾಲು ಹಾಕಿದೆ: "ಸದ್ದು ಯಾರ ಮನೆಯದು ಅಂತ ಕಿವಿಗೆ ಗೊತ್ತಾಗುವುದಿಲ್ಲ, ಎಲ್ಲಾ ಸದ್ದಿಗೂ ಅಳತೆ ಒಂದೇ." ಎಲ್ಲಿ ಕತ್ತರಿಸಿದರೂ ಒಂದು ಕಡೆಗೆ ವಾಲುವುದಿಲ್ಲ, ಮಡಚಿಕೊಳ್ಳುವಷ್ಟು ಉದ್ದವೂ ಇಲ್ಲ. ಆಮೇಲೆ ಪೋಸ್ಟಿನ ಮೂಲೆಯ ಮೂರು ಚುಕ್ಕಿ ಒತ್ತಿ, ಪೋಸ್ಟಿನಲ್ಲಿ ಹೆಸರಿಸಿದವರು ಮಾತ್ರ ಕಾಮೆಂಟ್ ಮಾಡಬಹುದು ಅಂತ ಇಟ್ಟೆ. ನಾನು ಯಾರನ್ನೂ ಹೆಸರಿಸಿರಲಿಲ್ಲ. ಬಾಗಿಲು ಹಾಕಿದ ಹಾಗಾಯಿತು. "ವಾಕ್ ಸ್ವಾತಂತ್ರ್ಯ ಇಲ್ವಾ" ಅಂತ ಒಬ್ಬ ಮೆಸೇಜ್ ಕಳಿಸಿದ. ನಿನ್ನ ಗೋಡೆ ಇದೆಯಲ್ಲಪ್ಪಾ, ಅಲ್ಲಿ ಬರಿ!

ಇಷ್ಟಾದರೂ ಒಂದು ಮಾತ್ರ ಸರಿಹೋಗಿಲ್ಲ. ಏಳು ವರ್ಷದಿಂದ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಅಜ್ಜಿ ಇದ್ದಾರೆ. ಬಂದಾಗೆಲ್ಲ ಸೆರಗಿನಲ್ಲಿ ಎರಡು ಬಾಳೆಹಣ್ಣು ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಹಬ್ಬದ ಮರುವಾರ ಅವರ ಮಗ ಒಬ್ಬರೇ ಬಂದರು. ಫೋನನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟು, "ಇದು ನೀವೇ ಬರೆದದ್ದಾ ಮೇಡಂ?" ಅಂದರು. ಕತ್ತರಿಸಿದ ತುಂಡು. ನಾನೇ ಬರೆದದ್ದು ಹೌದು, ಆದರೆ ಪೂರ್ತಿ ಹೀಗಿರಲಿಲ್ಲ ಅಂದೆ. ಪೂರ್ತಿ ಎಲ್ಲಿದೆ ಅಂತ ಕೇಳಿದರು. ತೋರಿಸಲು ಇರಲಿಲ್ಲ. "ಇರಲಿ ಬಿಡಿ" ಅಂದು ಎದ್ದು ಹೋದರು.

ಮಿಷನ್ ಕಿವಿಯೊಳಗೆ ಬಿಗಿಯಾಗಿ ಕೂರಲಿ ಅಂತ ಅಜ್ಜಿಯ ಎಡಗಿವಿಗೆ ಅಳತೆ ಕೊಟ್ಟು ಮಾಡಿಸಿದ ಹೊಸ ಅಚ್ಚು ಅದರ ಮರುದಿನವೇ ಬಂತು. ಹಳೆಯದು ಸಡಿಲಾಗಿ ಮಿಷನ್ ಕುಯ್‌ಗುಡುತ್ತಿತ್ತು, ಪಾಪ, ಸಂಕಟಪಡುತ್ತಿದ್ದರು. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅಚ್ಚು ಇನ್ನೂ ನನ್ನ ಡ್ರಾಯರಿನಲ್ಲೇ ಇದೆ, ಡಬ್ಬಿಯ ಮೇಲೆ ಅವರ ಹೆಸರು ಬರೆದಿದ್ದೇನೆ.