30 ಮಿಲಿವೋಲ್ಟ್ ಎಲ್ಲಿ ಹೋಯ್ತು?

ಸತು-ತಾಮ್ರದ ಡೇನಿಯಲ್ ಸೆಲ್ ಪ್ರಯೋಗದ ವರದಿ ಯಾರೇ ಬರೆಯಲಿ, ಕೊನೆಯ ಪ್ಯಾರಾ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಲೆಕ್ಕದ ಪ್ರಕಾರ 1.10 ವೋಲ್ಟ್ ಬರಬೇಕಿತ್ತು, ಅಳೆದಾಗ 1.07 ಬಂತು. ದೋಷ ಶೇ. 2.7. ದ್ರಾವಣಗಳು ಸ್ಟ್ಯಾಂಡರ್ಡ್ ಸ್ಥಿತಿಯಲ್ಲಿ ಇರಲಿಲ್ಲ, ಉಷ್ಣಾಂಶ 25 ಡಿಗ್ರಿ ಇರಲಿಲ್ಲ, ಸೆಲ್‌ಗೆ ಒಳರೋಧ ಇದೆ, ಮಾನವ ದೋಷವೂ ಇರಬಹುದು." ಅಲ್ಲಿಗೆ ಮುಗೀತು, ಸಹಿ.

ಇದರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಒಂದಕ್ಕೂ ಲೆಕ್ಕ ಇಲ್ಲ. ಕಾರಣ ಅಂತ ಏನನ್ನೇ ಬರೆದರೂ ಅದು ಎಷ್ಟು ಮಿಲಿವೋಲ್ಟ್, ಮೇಲಕ್ಕೋ ಕೆಳಕ್ಕೋ ಅಂತ ಪಕ್ಕದಲ್ಲೇ ಬರೆಯಬೇಕು ಅನ್ನೋದು ನನ್ನ ಹಠ. ಬರೆದು ನೋಡಿದರೆ ಮೇಲಿನ ಪಟ್ಟಿಯಲ್ಲಿ ಹೆಚ್ಚಿನವು ಅಲ್ಲೇ ಬಿದ್ದುಹೋಗುತ್ತವೆ.

ಮೊದಲು ಆ ಶೇ. 2.7ನ್ನೇ ನೋಡಿ. ಓದಿದರೆ ಪರವಾಗಿಲ್ಲ, ಚೆನ್ನಾಗೇ ಬಂದಿದೆ ಅನ್ನಿಸುತ್ತದೆ, ಅಲ್ವಾ? ಈಗ ಅದೇ 30 ಮಿಲಿವೋಲ್ಟನ್ನು, ಸಾರತೆಗೂ ವೋಲ್ಟೇಜಿಗೂ ಇರುವ ನಂಟು ಹೇಳುವ ನರ್ನ್‌ಸ್ಟ್ ಸಮೀಕರಣದ ಮುಂದೆ ಇಡಿ.

E = E° − (0.0592/2) log([Zn²⁺]/[Cu²⁺])

ಎರಡು ಎಲೆಕ್ಟ್ರಾನ್‌ಗಳ ಕ್ರಿಯೆ ಇದು, E° ಅಂದರೆ ಸ್ಟ್ಯಾಂಡರ್ಡ್ ಸ್ಥಿತಿಯಲ್ಲಿ ಬರಬೇಕಾದ ವೋಲ್ಟೇಜ್. ಸಾರತೆಗಳ ಅನುಪಾತ 10 ಪಟ್ಟು ಬದಲಾದರೆ ಸೆಲ್‌ನ ವೋಲ್ಟೇಜ್ ಬದಲಾಗುವುದು 29.6 ಮಿಲಿವೋಲ್ಟ್ ಮಾತ್ರ. ಅಂದರೆ ನಿಮ್ಮ ಶೇ. 2.7ರ ದೋಷವನ್ನು ಸಾರತೆಯಿಂದ ವಿವರಿಸಬೇಕಾದರೆ, ಕಾಪರ್ ಸಲ್ಫೇಟ್ ದ್ರಾವಣ ನೀವು ಹೇಳಿದ್ದರ ಹತ್ತನೇ ಒಂದು ಭಾಗ ಇರಬೇಕು! ವೋಲ್ಟೇಜ್ ಲಾಗರಿದಮ್ ಮೇಲೆ ನಿಂತಿದೆ, ಹಾಗಾಗಿ ಶೇಕಡಾವಾರು ದೋಷ ಇಲ್ಲಿ ಮೋಸದ ಅಳತೆ. ವ್ಯತ್ಯಾಸವನ್ನು ಮಿಲಿವೋಲ್ಟ್‌ನಲ್ಲಿ, ಪ್ಲಸ್ಸೋ ಮೈನಸ್ಸೋ ಸಮೇತ ಬರೆಯಿರಿ. ನಮ್ಮ ಉದಾಹರಣೆಯಲ್ಲಿ −30.

ಉದಾಹರಣೆ ಪೂರ್ತಿ ಹೇಳಿಬಿಡ್ತೀನಿ. 0.1 ಮೋಲಾರ್ ಜಿಂಕ್ ಸಲ್ಫೇಟ್‌ನಲ್ಲಿ ಸತುವಿನ ಪಟ್ಟಿ, 0.1 ಮೋಲಾರ್ ಕಾಪರ್ ಸಲ್ಫೇಟ್‌ನಲ್ಲಿ ತಾಮ್ರದ ಪಟ್ಟಿ. ಪೊಟ್ಯಾಸಿಯಂ ನೈಟ್ರೇಟ್‌ನಲ್ಲಿ ನೆನೆಸಿದ ಫಿಲ್ಟರ್ ಪೇಪರ್ ಸಾಲ್ಟ್ ಬ್ರಿಡ್ಜ್. ಸಾಮಾನ್ಯ ಡಿಜಿಟಲ್ ಮೀಟರ್, 2 ವೋಲ್ಟ್ ರೇಂಜ್‌ನಲ್ಲಿ. ಕೋಣೆಯಲ್ಲಿ 30 ಡಿಗ್ರಿ. ರೀಡಿಂಗ್ 1.070 ವೋಲ್ಟ್.

"ದ್ರಾವಣಗಳು 1 ಮೋಲಾರ್ ಇರಲಿಲ್ಲ" ಅನ್ನೋ ಕಾರಣ ಇಲ್ಲಿ ನಡೆಯೋದೇ ಇಲ್ಲ. ಎರಡೂ 0.1 ಆದಾಗ ಅನುಪಾತ 1, ಲಾಗ್ ಸೊನ್ನೆ, ಕೊಡುಗೆಯೂ ಸೊನ್ನೆ. ದ್ರಾವಣ ಮಾಡುವಾಗ ಒಂದರಲ್ಲಿ ಶೇ. 10 ತಪ್ಪಾಗಿದೆ ಅಂದುಕೊಳ್ಳಿ. ಅದು ಸುಮಾರು 1.2 ಮಿಲಿವೋಲ್ಟ್. ಉಷ್ಣಾಂಶ? ಡೇನಿಯಲ್ ಸೆಲ್‌ನ E° ಪ್ರತಿ ಡಿಗ್ರಿಗೆ ಸುಮಾರು 0.1 ಮಿಲಿವೋಲ್ಟ್ ಇಳಿಯುತ್ತದೆ. 5 ಡಿಗ್ರಿಗೆ ಅರ್ಧ ಮಿಲಿವೋಲ್ಟ್. ನಿಮ್ಮ ಮೀಟರ್ ಅದನ್ನು ತೋರಿಸುವುದೂ ಇಲ್ಲ.

ಒಳರೋಧದ ಮಾತು ಸ್ವಲ್ಪ ಗಂಭೀರ, ಯಾಕೆಂದರೆ ಅದು ಮೀಟರ್ ಮೇಲೆ ನಿಂತಿದೆ. ಅಳೆದೇ ನೋಡಬಹುದು. ಸೆಲ್‌ಗೆ ಅಡ್ಡಲಾಗಿ 10 ಕಿಲೋಓಮ್ ರೆಸಿಸ್ಟರ್ ಒಂದು ಕ್ಷಣ ಹಿಡಿಯಿರಿ. ರೀಡಿಂಗ್ 1.07ರಿಂದ 0.97ಕ್ಕೆ ಇಳಿದರೆ ಸೆಲ್‌ನ ಒಳರೋಧ ಸುಮಾರು 1 ಕಿಲೋಓಮ್. ಫಿಲ್ಟರ್ ಪೇಪರ್ ಬ್ರಿಡ್ಜ್‌ಗೆ ಅದೇನೂ ಆಶ್ಚರ್ಯವಲ್ಲ. ಡಿಜಿಟಲ್ ಮೀಟರ್‌ನ ರೋಧ ಸಾಮಾನ್ಯವಾಗಿ 10 ಮೆಗಾಓಮ್. ಹತ್ತು ಸಾವಿರಕ್ಕೆ ಒಂದು ಪಾಲು ಕಳೆದುಹೋಗುತ್ತದೆ, ಅಂದರೆ 0.1 ಮಿಲಿವೋಲ್ಟ್. ಮೀಟರ್ ನಿರಪರಾಧಿ. ಅದೇ ಹಳೆಯ ಮುಳ್ಳಿನ ವೋಲ್ಟ್‌ಮೀಟರ್ ಆಗಿದ್ದು, ಅದರ ರೋಧ 3 ಕಿಲೋಓಮ್ ಇದ್ದಿದ್ದರೆ ಕಥೆಯೇ ಬೇರೆ. ಕಾಲು ಭಾಗ ವೋಲ್ಟೇಜ್ ಸೆಲ್ ಒಳಗೇ ಉಳಿದು ಮುಳ್ಳು 0.83ರ ಹತ್ತಿರ ನಿಲ್ಲುತ್ತಿತ್ತು. ಹಾಗಾಗಿ ಯಾವ ಮೀಟರ್ ಅಂತ ವರದಿಯಲ್ಲಿ ಬರೆಯದೆ "ಒಳರೋಧ" ಅಂತ ಬರೆದರೆ ಅದಕ್ಕೆ ಬೆಲೆ ಇಲ್ಲ.

ಮೀಟರ್‌ನ ನಿಖರತೆಯನ್ನು ಮಾತ್ರ ಮರೆಯಬೇಡಿ. ಶೇ. 0.5 ಮತ್ತು ಮೇಲೆ ಎರಡು ಅಂಕಿ ಅಂತ ಹೇಳುವ ಅಗ್ಗದ ಮೀಟರ್ 1.1 ವೋಲ್ಟ್ ಹತ್ತಿರ 7 ಮಿಲಿವೋಲ್ಟ್‌ವರೆಗೆ ಆಚೀಚೆ ಹೋಗಬಹುದು. ಅದನ್ನು 20 ವೋಲ್ಟ್ ರೇಂಜ್‌ಗೆ ತಿರುಗಿಸಿದರೆ ಕಾಣುವ ಅತಿ ಸಣ್ಣ ಹೆಜ್ಜೆಯೇ 10 ಮಿಲಿವೋಲ್ಟ್. ಎಷ್ಟೋ ವರದಿಗಳಲ್ಲಿ 1.07, 1.08 ಅಂತ ಎರಡೇ ದಶಮಾಂಶ ಇರುವುದಕ್ಕೆ ಕಾರಣ ಸುಮ್ನೆ ಆ ಗುಂಡಿ ತಿರುಗಿಸದೆ ಬಿಟ್ಟದ್ದು.

ಇನ್ನು "ಮಾನವ ದೋಷ". ಯಾರು, ಏನು ಮಾಡಿದರು ಅಂತ ಹೇಳದಿದ್ದರೆ ಅದನ್ನು ಬರೆಯಲೇಬೇಡಿ.

ಎಲ್ಲ ಕೂಡಿಸಿದರೂ ಮೀಟರಿನ 7 ಸೇರಿ ಹತ್ತು ದಾಟಲಿಲ್ಲ. ಉಳಿದ ಇಪ್ಪತ್ತಕ್ಕೂ ಜಾಸ್ತಿ ಎಲ್ಲಿ? ಸೆಲ್ ಅನ್ನು ಇಡಿಯಾಗಿ ಎಷ್ಟು ಸಲ ಅಳೆದರೂ ಇದಕ್ಕೆ ಉತ್ತರ ಸಿಗಲ್ಲ, ಯಾಕೆಂದರೆ ಮೀಟರ್ ತೋರಿಸುವುದು ಎರಡು ಎಲೆಕ್ಟ್ರೋಡ್‌ಗಳ ವ್ಯತ್ಯಾಸವನ್ನು ಮಾತ್ರ. ಅದನ್ನು ಬಿಡಿಸಬೇಕು. ಸಿಲ್ವರ್–ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ ಒಂದು ಸಿಕ್ಕರೆ ಸಾಕು. ಪರ್ಯಾಪ್ತ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದ್ದಾದರೆ ಅದು ಹೈಡ್ರೋಜನ್ ಎಲೆಕ್ಟ್ರೋಡ್‌ಗಿಂತ 0.197 ವೋಲ್ಟ್ ಮೇಲಿರುತ್ತದೆ. ಒಂದೊಂದೇ ಪಟ್ಟಿಯನ್ನು ಅದರ ಎದುರು ಅಳೆಯಿರಿ.

ಎಷ್ಟು ಬರಬೇಕು ಅಂತ ಲೆಕ್ಕ ಹಾಕುವಾಗ ಒಂದು ತಿರುವು ಇದೆ. 0.1 ಮೋಲಾರ್ ಅಂತ ಸೀದಾ 0.1 ಹಾಕುವ ಹಾಗಿಲ್ಲ. ಸಲ್ಫೇಟ್ ಅಯಾನಿನ ಮೇಲೆ ಎರಡು ಚಾರ್ಜ್, ಲೋಹದ ಅಯಾನಿನ ಮೇಲೂ ಎರಡು. ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹಾಗಾಗಿ 0.1 ಮೋಲಾರ್‌ನಲ್ಲಿ ಆಕ್ಟಿವಿಟಿ ಕೋಎಫಿಶಿಯೆಂಟ್ ಬರೀ 0.15ರ ಆಸುಪಾಸು. ಎಲೆಕ್ಟ್ರೋಡ್‌ಗೆ ಗೊತ್ತಾಗುವ ಪರಿಣಾಮಕಾರಿ ಸಾರತೆ, ಅಂದರೆ ಆಕ್ಟಿವಿಟಿ, 0.015. ಇದರಿಂದ ಪ್ರತಿ ಎಲೆಕ್ಟ್ರೋಡೂ ಕೋಷ್ಟಕದಲ್ಲಿರುವ ಸ್ಟ್ಯಾಂಡರ್ಡ್ ಬೆಲೆಗಿಂತ 54 ಮಿಲಿವೋಲ್ಟ್ ಕೆಳಗೆ ಇಳಿಯುತ್ತದೆ. ಸತು −0.762ರಿಂದ −0.816ಕ್ಕೆ, ತಾಮ್ರ +0.340ರಿಂದ +0.286ಕ್ಕೆ. ರೆಫರೆನ್ಸ್ ಎದುರು ಅವು −1.013 ಮತ್ತು +0.089 ಆಗಬೇಕು. ಎರಡೂ ಒಂದೇ ಪ್ರಮಾಣದಲ್ಲಿ ಇಳಿದದ್ದರಿಂದ ವ್ಯತ್ಯಾಸ ಮಾತ್ರ ಹಾಗೇ 1.10!

ಡೇನಿಯಲ್ ಸೆಲ್ ಬಗ್ಗೆ ನನಗಿರುವ ತಕರಾರು ಇದೇ. ಎರಡು ದ್ರಾವಣ ಸಮ ಇದ್ದಾಗ ದೊಡ್ಡ ದೊಡ್ಡ ವ್ಯತ್ಯಾಸಗಳು ಒಂದನ್ನೊಂದು ಹೊಡೆದು ಹಾಕುತ್ತವೆ. 1.10 ಬಂತು ಅಂದ ಮಾತ್ರಕ್ಕೆ ದ್ರಾವಣಗಳು ಸ್ಟ್ಯಾಂಡರ್ಡ್ ಇದ್ದವು ಅಂತಲ್ಲ. 1 ಮೋಲಾರ್ ತೆಗೆದುಕೊಂಡರೂ ಆಕ್ಟಿವಿಟಿ 0.04ರ ಹತ್ತಿರ ಇರುತ್ತದೆ, 1 ಅಲ್ಲ.

ಸರಿ, ಬಿಡಿಬಿಡಿಯಾಗಿ ಅಳೆದಾಗ ತಾಮ್ರ +0.087 ಬಂತು ಅನ್ನಿ. ಕೊರತೆ 2 ಮಿಲಿವೋಲ್ಟ್, ಮೀಟರ್ ಮಿತಿಯೊಳಗೇ ಇದೆ. ಸತು −0.983. ಅಂದರೆ 30 ಮಿಲಿವೋಲ್ಟ್ ಮೇಲೆ ಕೂತಿದೆ. ಸಾಲ್ಟ್ ಬ್ರಿಡ್ಜ್ ಸಂಧಿಯ ಕೆಲವು ಮಿಲಿವೋಲ್ಟ್ ಅನುಮಾನ ಇಟ್ಟುಕೊಂಡರೂ ಕಳ್ಳ ಸತುವಿನ ಕಡೆಯೇ ಇದ್ದಾನೆ.

ಸತು ಯಾಕೆ ಹೀಗೆ ಮಾಡುತ್ತದೆ? ಗಾಳಿಯಲ್ಲಿ ಇಟ್ಟ ಪಟ್ಟಿಯ ಮೇಲೆ ಆಕ್ಸೈಡ್ ಪದರ ಕೂತಿರುತ್ತದೆ. ಮುಳುಗಿಸಿದ ಮೇಲೆ ಅದರ ಮೈಮೇಲೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಸತು ಕರಗಿ ಎಲೆಕ್ಟ್ರಾನ್ ಬಿಡುತ್ತದೆ, ದ್ರಾವಣದಲ್ಲಿ ಕರಗಿದ ಆಮ್ಲಜನಕ ಅದೇ ಎಲೆಕ್ಟ್ರಾನ್‌ಗಳನ್ನು ಹಿಡಿಯುತ್ತದೆ. ಮೀಟರ್‌ಗೆ ಸಿಗುವುದು ಈ ಎರಡರ ನಡುವಿನ ರಾಜಿ ಬೆಲೆ. ಅದು ಯಾವಾಗಲೂ ಶುದ್ಧ ಸತುವಿನ ಬೆಲೆಗಿಂತ ಮೇಲೇ ಇರುತ್ತದೆ. ಹಾಗಾಗಿಯೇ ಅಳೆದ ವೋಲ್ಟೇಜ್ ಸಾಮಾನ್ಯವಾಗಿ ಕಮ್ಮಿ ಬರುತ್ತದೆ. "ಕೆಲವು ಸಲ ಜಾಸ್ತಿ, ಕೆಲವು ಸಲ ಕಮ್ಮಿ" ಅನ್ನುವ ಥರದ ದೋಷ ಅಲ್ಲ ಇದು.

ಪರೀಕ್ಷೆ ಸುಲಭ. ಪಟ್ಟಿಯನ್ನು ನಯವಾದ ಎಮರಿ ಪೇಪರ್‌ನಿಂದ ಉಜ್ಜಿ, ದುರ್ಬಲ ಆಮ್ಲದಲ್ಲಿ ಕೆಲವು ಸೆಕೆಂಡ್ ಅದ್ದಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಒಣಗಲು ಬಿಡದೆ ತಕ್ಷಣ ಇಳಿಸಿ. ರೀಡಿಂಗ್ −1.009ಕ್ಕೆ ಹಾರಿದರೆ, ಸೆಲ್ 1.096 ತೋರಿಸಿದರೆ, ಕಾರಣ ಸಿಕ್ಕಿತು. ಬಿಟ್ಟು ನೋಡಿದರೆ ಮತ್ತೆ ಮೆಲ್ಲಗೆ ಇಳಿಯುವುದೂ ಕಾಣಬಹುದು. ಅದಕ್ಕೇ ಒಂದೇ ಒಂದು ರೀಡಿಂಗ್ ಬರೆಯುವ ಬದಲು ಅರ್ಧ ನಿಮಿಷಕ್ಕೊಂದು ಬರೆಯಿರಿ ಅನ್ನೋದು. ಪಟ್ಟಿಯ ಮೇಲೆ ಕಪ್ಪು ಪುಡಿ ಕಂಡರೆ ಮಾತ್ರ ಕಥೆ ಬೇರೆ. ತಾಮ್ರದ ಅಯಾನುಗಳು ಬ್ರಿಡ್ಜ್ ದಾಟಿ ಬಂದು ಸತುವಿನ ಮೇಲೆ ಕೂತಿವೆ. ಉಜ್ಜಿದರೆ ಸಾಲದು, ದ್ರಾವಣವನ್ನೂ ಬ್ರಿಡ್ಜನ್ನೂ ಬದಲಾಯಿಸಬೇಕು.

ಈಗ ಆ ಕೊನೆಯ ಪ್ಯಾರಾ ಹೀಗಾಗುತ್ತದೆ: "ಅಳೆದ ಬೆಲೆ ನಿರೀಕ್ಷೆಗಿಂತ 30 ಮಿಲಿವೋಲ್ಟ್ ಕಡಿಮೆ. ಸಾರತೆ, ಉಷ್ಣಾಂಶ, ಮೀಟರ್‌ನ ರೋಧ ಮೂರೂ ಸೇರಿ 2 ಮಿಲಿವೋಲ್ಟ್ ಒಳಗೆ. ಬಿಡಿಯಾಗಿ ಅಳೆದಾಗ ಕೊರತೆ ಬಹುಪಾಲು ಸತುವಿನ ಕಡೆ ಕಂಡಿತು. ಪಟ್ಟಿಯನ್ನು ಉಜ್ಜಿ ಆಮ್ಲದಲ್ಲಿ ಅದ್ದಿದಾಗ 26 ಮಿಲಿವೋಲ್ಟ್ ವಾಪಸ್ ಬಂತು. ಉಳಿದದ್ದು ಮೀಟರ್‌ನ ನಿಖರತೆಯ ಮಿತಿಯಲ್ಲಿದೆ." ಉದ್ದವೂ ಆಗಲಿಲ್ಲ ನೋಡಿ.

ಇನ್ನೊಂದು ಸಂಗತಿ ಹೇಳದಿದ್ದರೆ ಕೆಲವರು ಸುಮ್ನೆ ಕಂಗಾಲಾಗುತ್ತಾರೆ. ಪ್ರಯೋಗದ ಎರಡನೇ ಭಾಗದಲ್ಲಿ ಸತುವಿನ ಕಡೆ ಹಾಗೇ ಇಟ್ಟು ಕಾಪರ್ ಸಲ್ಫೇಟನ್ನು 1, 0.1, 0.01 ಮೋಲಾರ್ ಅಂತ ಬದಲಿಸುತ್ತಾರೆ. ಒಂದೊಂದು ಹೆಜ್ಜೆಗೂ 29.6 ಮಿಲಿವೋಲ್ಟ್ ಇಳಿಯಬೇಕು ಅಂತ ನಿರೀಕ್ಷೆ. ಬರುವುದು ಮೊದಲ ಹೆಜ್ಜೆಗೆ ಸುಮಾರು 13, ಎರಡನೆಯದಕ್ಕೆ ಸುಮಾರು 17. ಅರ್ಧದಷ್ಟೇ! ಪ್ರಯೋಗ ಕೆಟ್ಟಿತು ಅಂದುಕೊಂಡು ರೀಡಿಂಗ್ "ಸರಿಪಡಿಸಿ" ಬರೆದ ರೆಕಾರ್ಡ್‌ಗಳು ಎಷ್ಟೋ ಇವೆ. ಕೆಟ್ಟಿಲ್ಲ. ಸಾರತೆ ಹತ್ತು ಪಟ್ಟು ಇಳಿದಾಗ ಅಯಾನುಗಳ ಹಿಡಿತ ಸಡಿಲವಾಗಿ ಕೋಎಫಿಶಿಯೆಂಟ್ 0.04ರಿಂದ 0.15ಕ್ಕೆ, ಅಲ್ಲಿಂದ 0.4ಕ್ಕೆ ಏರುತ್ತದೆ. ಆಕ್ಟಿವಿಟಿ ಇಳಿಯುವುದು ಮೂರು-ನಾಲ್ಕು ಪಟ್ಟು ಮಾತ್ರ.

29.6ರ ಇಳಿಜಾರೇ ಬೇಕು ಅಂದರೆ ಕಾಪರ್ ಸಲ್ಫೇಟ್ ಬಿಟ್ಟು ಕಾಪರ್ ನೈಟ್ರೇಟ್ ತೆಗೆದುಕೊಳ್ಳಿ. ಎಲ್ಲ ದ್ರಾವಣಗಳನ್ನೂ 1 ಮೋಲಾರ್ ಪೊಟ್ಯಾಸಿಯಂ ನೈಟ್ರೇಟ್‌ನಲ್ಲೇ ತಯಾರಿಸಿ, ತಾಮ್ರವನ್ನು 0.01, 0.001 ಹೀಗೆ ಕಮ್ಮಿ ಇಟ್ಟುಕೊಳ್ಳಿ. ಹಿನ್ನೆಲೆಯ ಉಪ್ಪು ಅಷ್ಟೊಂದು ಇರುವಾಗ ಕೋಎಫಿಶಿಯೆಂಟ್ ಎಲ್ಲ ದ್ರಾವಣದಲ್ಲೂ ಹೆಚ್ಚುಕಮ್ಮಿ ಒಂದೇ ಆಗುತ್ತದೆ, ಗ್ರಾಫ್‌ನ ಇಳಿಜಾರು 30ರ ಹತ್ತಿರ ಬರುತ್ತದೆ. ಆದರೆ ಆ ಗೆರೆಯನ್ನು ಹಿಂದಕ್ಕೆ ಎಳೆದಾಗ ಸಿಗುವ ಬೆಲೆ ಕೋಷ್ಟಕದಲ್ಲಿರುವ E° ಅಲ್ಲ, ಆ ಉಪ್ಪಿನ ದ್ರಾವಣಕ್ಕೆ ಮಾತ್ರ ಸೇರಿದ ಫಾರ್ಮಲ್ ಪೊಟೆನ್ಷಿಯಲ್. ಎರಡನ್ನೂ ಒಂದೇ ಕಾಲಮ್‌ನಲ್ಲಿ ಬರೆದು ಮತ್ತೆ ಶೇಕಡಾವಾರು ದೋಷ ಕಂಡುಹಿಡಿಯಬೇಡಿ.