ಸ್ಪಷ್ಟನೆ: ಚಾಕಲೇಟಿನ ಮೇಲಿನ ಬಿಳಿ ಪದರ

"ಗಲ್ಫಿಂದ ತಂದ ಚಾಕಲೇಟ್ ಬೆಳ್ಳಗಾಗಿದ್ದರೆ ಅದು ಬೂಷ್ಟು, ವಿಷ. ಮೆತ್ತಗಾದ ಬಿಸ್ಕತ್ತು, ಚಿಪ್ಸ್ ಕೂಡ ಹಾಗೇ. ಎಲ್ಲರಿಗೂ ಕಳಿಸಿ."

ಹೀಗೊಂದು ಮೆಸೇಜ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಚಾಕಲೇಟಿನಲ್ಲಿರುವ ಕೋಕೋ ಬೆಣ್ಣೆ ಸುಮಾರು 30 ಡಿಗ್ರಿ ದಾಟಿದರೆ ಕರಗತೊಡಗುತ್ತದೆ. ಕಾಸರಗೋಡಿನ ಸೆಕೆಗೆ ಅಷ್ಟು ಸಾಕು. ಮತ್ತೆ ತಣಿದಾಗ ಆ ಕೊಬ್ಬು ಮೇಲ್ಮೈಯಲ್ಲಿ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಬೆರಳಿಂದ ಮೆಲ್ಲ ಉಜ್ಜಿ ನೋಡಿ, ಕರಗಿ ಮಾಯವಾಗುತ್ತದೆ.

ಉಜ್ಜಿದರೂ ಹೋಗದೆ ತರಿತರಿಯಾಗಿದ್ದರೆ ಅದು ಹೆಚ್ಚಾಗಿ ಸಕ್ಕರೆ. ಫ್ರಿಜ್ಜಿಂದ ತೆಗೆದ ತಕ್ಷಣ ಬಿಚ್ಚಿದರೆ ನಮ್ಮ ಕರಾವಳಿಯ ಹಸಿ ಗಾಳಿಗೆ ಚಾಕಲೇಟ್ ಬೆವರುತ್ತದೆ. ಆ ನೀರಿನಲ್ಲಿ ಸಕ್ಕರೆ ಕರಗಿ, ಒಣಗಿದಾಗ ಬಿಳಿ ಹರಳಾಗುತ್ತದೆ. ಒಂದು ಹನಿ ನೀರು ಹಾಕಿದರೆ ಕರಗುತ್ತದೆ. ಎರಡೂ ಬರೀ ರುಚಿ ಕೆಡಿಸುತ್ತವೆ, ಹೊಟ್ಟೆ ಕೆಡಿಸುವುದಿಲ್ಲ.

ಬೂಷ್ಟು ಬೇರೆಯೇ. ಅದು ನೂಲಿನ ಹಾಗೆ, ಹತ್ತಿಯ ಹಾಗೆ ಎದ್ದಿರುತ್ತದೆ, ಮುಗ್ಗಲು ವಾಸನೆ ಇರುತ್ತದೆ. ಒಳಗೆ ಹಣ್ಣು, ಬೀಜ, ಕ್ರೀಮ್ ತುಂಬಿದ ಚಾಕಲೇಟಿನಲ್ಲಿ ಬರಬಹುದು. ಅಂಥದ್ದನ್ನು ಪೂರ್ತಿ ಎಸೆಯಿರಿ, ಕೆರೆದು ತಿನ್ನಬೇಡಿ.

ಮೆತ್ತಗಾದ ಬಿಸ್ಕತ್ತು ಗಾಳಿಯ ತೇವ ಹೀರಿದೆ, ಅಷ್ಟೇ. ಆದರೆ ಬಾಳೆಕಾಯಿ ಚಿಪ್ಸನ್ನು ಮಾತ್ರ ಮೂಸಿ ನೋಡಲೇಬೇಕು. ಹಳೇ ಎಣ್ಣೆಯ ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ, ಗರಿಗರಿಯಾಗಿದ್ದರೂ ಬೇಡ.

ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.